ಗ್ರಾಫಿನ ಗೆರೆ ಎಲ್ಲಿ ತುಂಡಾಗುತ್ತದೆ, ಯಾಕೆ ತುಂಡಾಗುತ್ತದೆ

ವಿದ್ಯಾರ್ಥಿನಿಯೊಬ್ಬಳು ತನ್ನ ಗ್ರಾಫ್ ಹಾಳೆಯನ್ನು ನನ್ನ ಮುಂದೆ ಇಟ್ಟು ಕೇಳಿದಳು: "ಸರ್, ಬಿಂದುಗಳೆಲ್ಲ ಸರಿ ಇವೆ. ಆದ್ರೂ ಗ್ರಾಫ್ ತಪ್ಪು ಅಂತ ಬರೆದಿದ್ದಾರೆ. ಯಾಕೆ?"

ಆಕೆಗೆ ಕೊಟ್ಟಿದ್ದ ಸಮೀಕರಣ y = 1/(x − 2). x ಗೆ 0, 1, 3, 4 ಎಂಬ ಬೆಲೆಗಳನ್ನು ಕೊಟ್ಟು y ಬೆಲೆಗಳನ್ನು ಲೆಕ್ಕ ಹಾಕಿದ್ದಳು: −1/2, −1, 1, 1/2. ನಾಲ್ಕೂ ಸರಿ. ನಾಲ್ಕು ಬಿಂದುಗಳೂ ಹಾಳೆಯ ಮೇಲೆ ಸರಿಯಾದ ಜಾಗದಲ್ಲೇ ಇದ್ದವು. ಆಮೇಲೆ ಅವನ್ನು ಎಡದಿಂದ ಬಲಕ್ಕೆ ಒಂದೇ ಗೆರೆಯಲ್ಲಿ ಚೆಂದವಾಗಿ ಜೋಡಿಸಿದ್ದಳು. (1, −1) ರಿಂದ ಹೊರಟ ಗೆರೆ (2, 0) ಯನ್ನು ದಾಟಿ (3, 1) ನ್ನು ಮುಟ್ಟಿತ್ತು. ತಪ್ಪು ಇದ್ದದ್ದು ಆ ಎರಡು ಬಿಂದುಗಳ ನಡುವೆ ಎಳೆದ ಗೆರೆಯಲ್ಲಿ ಮಾತ್ರ.

ಅವಳ ತಪ್ಪಿಗೆ ಕಾರಣವಿದೆ. ಅಲ್ಲಿಯವರೆಗೆ ಅವಳು ಬಿಡಿಸಿದ್ದ ಗ್ರಾಫ್‌ಗಳೆಲ್ಲ ಬಹುಪದೋಕ್ತಿಗಳವು. ನಾಲ್ಕಾರು ಬಿಂದು ಗುರುತಿಸು, ನಡುವೆ ನುಣುಪಾದ ಗೆರೆ ಎಳೆ ಎಂಬ ವಿಧಾನ ಅಲ್ಲಿ ಪ್ರತಿ ಸಲವೂ ಕೆಲಸ ಮಾಡಿತ್ತು. ಅಲ್ಲಿ ನಡೆದದ್ದು ಇಲ್ಲಿ ಯಾಕೆ ನಡೆಯಲಿಲ್ಲ ಎಂಬುದೇ ನಮ್ಮ ಪ್ರಶ್ನೆ.

## ಎರಡು ಹೆಸರುಗಳು

x ಎಂಬ ಒಂದು ಸಂಖ್ಯೆಯನ್ನು ತೆಗೆದುಕೊಳ್ಳಿ. ಅದನ್ನು ಅದರಿಂದಲೇ ಗುಣಿಸಬಹುದು, ಬೇರೆ ಸಂಖ್ಯೆಗಳಿಂದ ಗುಣಿಸಬಹುದು, ಬಂದದ್ದನ್ನೆಲ್ಲ ಕೂಡಬಹುದು, ಕಳೆಯಬಹುದು. ಇಷ್ಟೇ ಕೆಲಸಗಳನ್ನು ಕೆಲವು ಸಲ ಮಾಡಿ ಮುಗಿಸಿದಾಗ ಸಿಗುವುದು ಬಹುಪದೋಕ್ತಿ. 2x³ − 5x + 1 ಒಂದು ಬಹುಪದೋಕ್ತಿ. x² − 4 ಇನ್ನೊಂದು. ಇವುಗಳಲ್ಲಿ x ನಿಂದ ಭಾಗಿಸುವ ಕೆಲಸ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ.

ಒಂದು ಬಹುಪದೋಕ್ತಿಯನ್ನು ಇನ್ನೊಂದು ಬಹುಪದೋಕ್ತಿಯಿಂದ ಭಾಗಿಸಿದರೆ ಭಾಗಲಬ್ಧ ಉತ್ಪನ್ನ ಸಿಗುತ್ತದೆ. ಉತ್ಪನ್ನ ಎಂದರೆ ಫಂಕ್ಷನ್: ಒಂದು ಸಂಖ್ಯೆ ಒಳಗೆ ಹಾಕಿದರೆ ಒಂದೇ ಒಂದು ಉತ್ತರ ಹೊರಗೆ ಕೊಡುವ ನಿಯಮ. ಭಿನ್ನರಾಶಿಯಲ್ಲಿ ಮೇಲಿನದು ಅಂಶ, ಕೆಳಗಿನದು ಛೇದ. ಇಲ್ಲೂ ಅದೇ ಹೆಸರುಗಳು.

ಹಾಗಾದರೆ ಎರಡರ ನಡುವೆ ಹೊಸದಾಗಿ ಸೇರಿಕೊಂಡದ್ದು ಒಂದೇ, ಭಾಗಾಕಾರ. ಗೆರೆ ತುಂಡಾಗುವುದಕ್ಕೆ ಕಾರಣವೂ ಅಲ್ಲೇ ಸಿಗಬೇಕು. ಆದರೆ ಮೊದಲು, ಕೂಡುವುದು ಮತ್ತು ಗುಣಿಸುವುದು ಗೆರೆಯನ್ನು ಯಾಕೆ ತುಂಡು ಮಾಡುವುದಿಲ್ಲ ಎಂಬುದನ್ನು ನೋಡಿಬಿಡೋಣ. ಸಾಮಾನ್ಯವಾಗಿ ಈ ಭಾಗವನ್ನು ಯಾರೂ ವಿವರಿಸದೆ ಮುಂದಕ್ಕೆ ಹೋಗುತ್ತಾರೆ.

## ಸ್ವಲ್ಪ ಅಲುಗಿದರೆ ಸ್ವಲ್ಪವೇ ಬದಲಾವಣೆ

ಗೆರೆ ತುಂಡಾಗಿಲ್ಲ ಎಂದರೆ ಏನರ್ಥ? ಪೆನ್ಸಿಲ್ ಎತ್ತದೆ ಬಿಡಿಸಬಹುದು ಎಂದು ಹೇಳುತ್ತೇವೆ. ಅದನ್ನೇ ಸಂಖ್ಯೆಗಳ ಮಾತಿನಲ್ಲಿ ಹೇಳುವುದಾದರೆ: x ಅನ್ನು ಸ್ವಲ್ಪ ಅಲುಗಿಸಿದರೆ y ಕೂಡ ಸ್ವಲ್ಪವೇ ಅಲುಗಬೇಕು. ರೇಡಿಯೋದ ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸದ್ದು ಕೂದಲೆಳೆಯಷ್ಟು ಏರುತ್ತದೆ, ಹಾಗೆ.

ಈಗ ಒಂದು ಆಯತವನ್ನು ಊಹಿಸಿಕೊಳ್ಳಿ. ಅಗಲ 3, ಉದ್ದ 5, ವಿಸ್ತೀರ್ಣ 15. ಎರಡೂ ಬದಿಗಳನ್ನು 0.01 ರಷ್ಟು ಹಿಗ್ಗಿಸಿ. ಹೊಸ ವಿಸ್ತೀರ್ಣ 3.01 × 5.01 = 15.0801. ಹೆಚ್ಚಿದ್ದು 0.0801. ಅದು ಎಲ್ಲಿಂದ ಬಂತು ಎಂದು ಚಿತ್ರ ಬಿಡಿಸಿ ನೋಡಿದರೆ ಗೊತ್ತಾಗುತ್ತದೆ: ಒಂದು ಬದಿಗೆ ತೆಳ್ಳಗಿನ ಪಟ್ಟಿ (0.05), ಇನ್ನೊಂದು ಬದಿಗೆ ತೆಳ್ಳಗಿನ ಪಟ್ಟಿ (0.03), ಮೂಲೆಯಲ್ಲಿ ಒಂದು ಪುಟಾಣಿ ಚೌಕ (0.0001). ಬದಿಗಳನ್ನು 0.0001 ರಷ್ಟೇ ಹಿಗ್ಗಿಸಿದರೆ ಮೂರೂ ಇನ್ನಷ್ಟು ಕಿರಿದಾಗುತ್ತವೆ, ವಿಸ್ತೀರ್ಣ 15.00080001 ಆಗುತ್ತದೆ. ಪಟ್ಟಿ ತೆಳುವಾದಷ್ಟೂ ಬದಲಾವಣೆ ಸೊನ್ನೆಯ ಕಡೆಗೆ ಸರಿಯುತ್ತದೆ.

ಇದೇ ಗುಣಾಕಾರದ ಸ್ವಭಾವ. ಗುಣಿಸುವ ಎರಡು ಸಂಖ್ಯೆಗಳು ಚೂರು ಅಲುಗಿದರೆ ಗುಣಲಬ್ಧವೂ ಚೂರೇ ಅಲುಗುತ್ತದೆ. ಕೂಡುವುದರಲ್ಲಿ ಇದು ಇನ್ನೂ ಸುಲಭ: ಎರಡು ಚೂರು ಸೇರಿದರೆ ಎರಡು ಚೂರು, ಅಷ್ಟೇ.

ಈಗ ಬಹುಪದೋಕ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ. x ಚೂರು ಅಲುಗಿತು. ಆದ್ದರಿಂದ x × x, ಅಂದರೆ x², ಚೂರು ಅಲುಗಿತು. ಅದನ್ನು ಮತ್ತೆ x ನಿಂದ ಗುಣಿಸಿದರೆ ಬರುವ x³ ಕೂಡ ಚೂರೇ ಅಲುಗಿತು. 2 ರಿಂದ ಗುಣಿಸಿ, 5x ಕಳೆದು, 1 ಕೂಡಿದರೂ ಕತೆ ಬದಲಾಗುವುದಿಲ್ಲ. ದೊಡ್ಡ ನೆಗೆತ ನುಸುಳಿಕೊಳ್ಳಲು ಯಾವ ಮೆಟ್ಟಿಲಲ್ಲೂ ಜಾಗವಿಲ್ಲ. ಮೆಟ್ಟಿಲುಗಳ ಸಂಖ್ಯೆಗೆ ಒಂದು ಕೊನೆ ಇರುವುದರಿಂದ ಚೂರುಗಳೆಲ್ಲ ಕೂಡಿಕೊಂಡರೂ ಒಟ್ಟು ಬದಲಾವಣೆ ನಮ್ಮ ಹಿಡಿತದಲ್ಲೇ ಇರುತ್ತದೆ.

ಒಂದು ಅನುಮಾನ ಬರಬಹುದು. y = 1000x ತೆಗೆದುಕೊಂಡರೆ x 0.01 ಅಲುಗಿದಾಗ y 10 ರಷ್ಟು ಏರುತ್ತದಲ್ಲ, ಅದೇನು ಚೂರೇ? ಕಡಿದಾದ ಏರು ಬೇರೆ, ನೆಗೆತ ಬೇರೆ. ಇಲ್ಲಿ y 0.001 ಕ್ಕಿಂತ ಹೆಚ್ಚು ಅಲುಗಬಾರದು ಎಂದು ನೀವು ಹಟ ಹಿಡಿದರೆ, x ಅನ್ನು 0.000001 ಕ್ಕಿಂತ ಹೆಚ್ಚು ಅಲುಗಿಸದೆ ನಾನು ನಿಮ್ಮ ಮಾತು ಉಳಿಸಿಕೊಡಬಲ್ಲೆ. ನೀವು ಕೇಳುವ ಮಿತಿ ಎಷ್ಟೇ ಬಿಗಿಯಾಗಿರಲಿ, ಅದಕ್ಕೆ ತಕ್ಕ ಮಿತಿ x ಕಡೆಯಲ್ಲಿ ಸಿಗುತ್ತದೆ. ಹೀಗೆ ಸಿಗುವುದನ್ನೇ ಗಣಿತದಲ್ಲಿ ಅವಿಚ್ಛಿನ್ನತೆ ಎನ್ನುತ್ತಾರೆ. ಈ ವಿಚಾರವನ್ನು 1817 ರಲ್ಲಿ ಪ್ರಾಗ್‌ನ ಬೊಲ್ಜಾನೊ, 1821 ರಲ್ಲಿ ಪ್ಯಾರಿಸ್‌ನ ಕೋಶಿ ಖಚಿತ ಮಾತುಗಳಲ್ಲಿ ಬರೆದಿಟ್ಟರು.

## ನುಣುಪು ಎಲ್ಲಿಂದ ಬಂತು?

ತುಂಡಾಗದಿರುವುದು ಒಂದು ಗುಣ, ನುಣುಪಾಗಿರುವುದು ಇನ್ನೊಂದು. V ಆಕಾರದ ಗೆರೆಯನ್ನು ಪೆನ್ಸಿಲ್ ಎತ್ತದೆ ಬಿಡಿಸಬಹುದು, ಆದರೆ ಅದರ ಬುಡದಲ್ಲಿ ಚೂಪಾದ ಮೂಲೆ ಇದೆ. ಬಹುಪದೋಕ್ತಿಯ ಗ್ರಾಫಿನಲ್ಲಿ ಅಂಥ ಮೂಲೆ ಎಂದೂ ಬರುವುದಿಲ್ಲ.

y = x² ನಲ್ಲಿ x = 3 ರ ಹತ್ತಿರ ಭೂತಗನ್ನಡಿ ಹಿಡಿದು ನೋಡೋಣ. 3 ಅನ್ನು h ನಷ್ಟು ಅಲುಗಿಸಿದರೆ,

(3 + h)² = 9 + 6h + h²

h = 0.01 ಆದಾಗ 6h ಎಂದರೆ 0.06, h² ಎಂದರೆ 0.0001. ಮೊದಲನೆಯದರ ಮುಂದೆ ಎರಡನೆಯದು ಲೆಕ್ಕಕ್ಕೇ ಬರುವುದಿಲ್ಲ. h ಇನ್ನೂ ಕಿರಿದಾದರೆ h² ಇನ್ನೂ ಬೇಗ ಮಾಯವಾಗುತ್ತದೆ. ಆಯತದ ಮೂಲೆಯಲ್ಲಿದ್ದ ಪುಟಾಣಿ ಚೌಕವೇ ಇದು. ಉಳಿಯುವುದು 9 + 6h. ಅದು ಸರಳರೇಖೆ, ಇಳಿಜಾರು 6. ಅಂದರೆ ಭೂತಗನ್ನಡಿಯಲ್ಲಿ ಹಿಗ್ಗಿಸುತ್ತ ಹೋದಂತೆ ಪರವಲಯದ ಆ ತುಣುಕು ನೇರವಾದ ಗೆರೆಯಂತೆ ಕಾಣತೊಡಗುತ್ತದೆ. ಎಡಕ್ಕೆ ಸರಿದರೂ (h ಋಣವಾದರೂ) ಅದೇ 6h, ಅದೇ ಇಳಿಜಾರು. V ಯ ಮೂಲೆಯನ್ನು ಎಷ್ಟೇ ಹಿಗ್ಗಿಸಿ, ಅದು V ಆಗಿಯೇ ಉಳಿಯುತ್ತದೆ: ಎಡಗಡೆ ಒಂದು ಇಳಿಜಾರು, ಬಲಗಡೆ ಇನ್ನೊಂದು.

ಯಾವ ಬಹುಪದೋಕ್ತಿಯನ್ನು ಹೀಗೆ ಬಿಡಿಸಿದರೂ ಇದೇ ಅಚ್ಚು ಬರುತ್ತದೆ: ಒಂದು ಸ್ಥಿರ ಸಂಖ್ಯೆ, ಅದರ ಪಕ್ಕ h ನ ಒಂದು ಗುಣಕ, ಆಮೇಲೆ h², h³ ಗಳಂಥ ಮಾಯವಾಗುವ ಬಾಲ. ಹಾಗಾಗಿ ಎಲ್ಲ ಕಡೆಯೂ ನುಣುಪು.

## ಭಾಗಾಕಾರ ಎಡವುವ ಜಾಗ

ಒಂದು ಲೀಟರ್ ನೀರನ್ನು 0.1 ಲೀಟರಿನ ಲೋಟಗಳಿಗೆ ಸುರಿದರೆ 10 ಲೋಟ ತುಂಬುತ್ತವೆ. ಲೋಟ 0.01 ಲೀಟರಿನದಾದರೆ 100 ಬೇಕು. 0.001 ಆದರೆ 1000. ಲೋಟ ಕಿರಿದಾದಷ್ಟೂ ಲೆಕ್ಕ ಹಿಗ್ಗುತ್ತದೆ. ಸೊನ್ನೆ ಲೀಟರ್ ಹಿಡಿಯುವ ಲೋಟ ಎಷ್ಟು ಬೇಕು ಎಂದರೆ ಉತ್ತರವಿಲ್ಲ, ಎಷ್ಟು ಲೋಟ ಇಟ್ಟರೂ ಒಂದು ಹನಿಯೂ ಖಾಲಿಯಾಗುವುದಿಲ್ಲ.

ಭಾಗಾಕಾರವೆಂದರೆ ಗುಣಾಕಾರವನ್ನು ಹಿಂದಕ್ಕೆ ಓದುವುದು. 6 ÷ 2 = 3, ಯಾಕೆಂದರೆ 3 × 2 = 6. ಈ ಕಣ್ಣಿನಿಂದ ನೋಡಿದರೆ ಸೊನ್ನೆಯಿಂದ ಭಾಗಿಸುವುದು ಎರಡು ಬೇರೆ ಬೇರೆ ರೀತಿಯಲ್ಲಿ ಕೆಡುತ್ತದೆ.

5 ÷ 0 ಏನು? ಸೊನ್ನೆಯಿಂದ ಗುಣಿಸಿದಾಗ 5 ಕೊಡುವ ಸಂಖ್ಯೆ ಬೇಕು. ಅಂಥದ್ದು ಒಂದೂ ಇಲ್ಲ.

0 ÷ 0 ಏನು? ಸೊನ್ನೆಯಿಂದ ಗುಣಿಸಿದಾಗ 0 ಕೊಡುವ ಸಂಖ್ಯೆ ಬೇಕು. 7 ಆಗುತ್ತದೆ, −3 ಆಗುತ್ತದೆ, ಯಾವುದಾದರೂ ಆಗುತ್ತದೆ. ಒಂದನ್ನೇ ಆರಿಸಲು ಕಾರಣವಿಲ್ಲ.

ಮೊದಲನೆಯದರಲ್ಲಿ ಉತ್ತರವೇ ಇಲ್ಲ, ಎರಡನೆಯದರಲ್ಲಿ ಉತ್ತರಗಳು ಲೆಕ್ಕವಿಲ್ಲದಷ್ಟು. ಎರಡೂ ಕಡೆ ನಿಯಮ ಒಂದೇ ಉತ್ತರ ಕೊಡಲಾಗದೆ ಸುಮ್ಮನಾಗುತ್ತದೆ. ಗ್ರಾಫಿನಲ್ಲಿ ಆ x ನ ಮೇಲೆ ಬಿಂದು ಇರುವುದಿಲ್ಲ. ಆದರೆ ಕಾಣುವ ಖಾಲಿ ಜಾಗ ಎರಡು ಬಗೆಯದು. ಈ ಎರಡು ಬಗೆಯ ಕೆಡುಕಿಗೂ ಆ ಎರಡು ಬಗೆಯ ಖಾಲಿ ಜಾಗಕ್ಕೂ ಇರುವ ನಂಟು ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ಇಷ್ಟವಾದ ಭಾಗ.

## ಒಂದೇ ಗ್ರಾಫಿನಲ್ಲಿ ಎರಡನ್ನೂ ನೋಡೋಣ

ಈ ಉತ್ಪನ್ನವನ್ನು ತೆಗೆದುಕೊಳ್ಳಿ:

f(x) = (x² − x − 2) / (x² − 4)

ಮೊದಲ ಕೆಲಸ, ಛೇದ ಎಲ್ಲಿ ಸೊನ್ನೆಯಾಗುತ್ತದೆ ಎಂದು ಹುಡುಕುವುದು. x² = 4 ಆಗುವುದು x = 2 ಮತ್ತು x = −2 ರಲ್ಲಿ. ಈ ಎರಡು ಜಾಗ ಬಿಟ್ಟು ಬೇರೆಲ್ಲೂ ತೊಂದರೆಯಿಲ್ಲ. ಛೇದ ಸೊನ್ನೆಯಿಂದ ದೂರವಿರುವ ಕಡೆ ಭಾಗಾಕಾರವೂ ಗುಣಾಕಾರದಷ್ಟೇ ಸಾಧು, ಚೂರು ಅಲುಗಿದರೆ ಉತ್ತರವೂ ಚೂರೇ ಅಲುಗುತ್ತದೆ, ಗೆರೆ ನುಣುಪಾಗಿಯೇ ಇರುತ್ತದೆ.

ಎರಡನೆಯ ಕೆಲಸ, ಅದೇ ಜಾಗಗಳಲ್ಲಿ ಅಂಶ ಎಷ್ಟು ಎಂದು ನೋಡುವುದು. x = 2 ರಲ್ಲಿ 4 − 2 − 2 = 0. ಅಂದರೆ 0/0. x = −2 ರಲ್ಲಿ 4 + 2 − 2 = 4. ಅಂದರೆ 4/0.

ಈಗ x = −2 ರ ಹತ್ತಿರ ನಡೆದು ಹೋಗೋಣ.

| x | f(x) |
|---|---|
| −2.1 | 11 |
| −2.01 | 101 |
| −2 | ಇಲ್ಲ |
| −1.99 | −99 |
| −1.9 | −9 |

ಎಡದಿಂದ ಬಂದವರು ಮೇಲಕ್ಕೆ ಹಾರುತ್ತಾರೆ, ಬಲದಿಂದ ಬಂದವರು ಕೆಳಕ್ಕೆ ಬೀಳುತ್ತಾರೆ. x = −2 ರ ಎರಡೂ ಬದಿಗೆ 0.1 ದೂರದಲ್ಲಿ ನಿಂತರೆ ಎತ್ತರದ ಅಂತರ 20. 0.01 ಕ್ಕೆ ಇಳಿಸಿದರೆ ಅಂತರ 200. ಹತ್ತಿರ ಬಂದಷ್ಟೂ ಅಂತರ ಬೆಳೆಯುತ್ತಿದೆ. ಬಹುಪದೋಕ್ತಿಯಲ್ಲಿ ಆದದ್ದಕ್ಕೆ ಇದು ಪೂರ್ತಿ ತಿರುವುಮುರುವು. ಗೆರೆ ಇಲ್ಲಿ ಎರಡು ತುಂಡಾಗಿದೆ. x = −2 ಎಂಬ ನೇರ ನಿಂತ ಗೆರೆಯ ಪಕ್ಕಕ್ಕೆ ಗ್ರಾಫ್ ಒತ್ತಿಕೊಳ್ಳುತ್ತ ಹೋಗುತ್ತದೆ, ಮುಟ್ಟುವುದಿಲ್ಲ. ಆ ನಿಂತ ಗೆರೆಯ ಹೆಸರು ಅಸಿಂಪ್ಟೋಟ್. ಅದನ್ನು ಚುಕ್ಕೆ ಚುಕ್ಕೆಯಾಗಿ ಬಿಡಿಸುವುದು ರೂಢಿ, ಯಾಕೆಂದರೆ ಅದು ಗ್ರಾಫಿನ ಭಾಗವಲ್ಲ.

ಇನ್ನು x = 2 ರ ಹತ್ತಿರ.

| x | f(x) |
|---|---|
| 1.9 | 0.7436 |
| 1.99 | 0.7494 |
| 2 | ಇಲ್ಲ |
| 2.01 | 0.7506 |
| 2.1 | 0.7561 |

ಇಲ್ಲಿ ಗಲಾಟೆಯೇ ಇಲ್ಲ. ಎಡದಿಂದ ಬಂದರೂ ಬಲದಿಂದ ಬಂದರೂ ಸಂಖ್ಯೆಗಳು 0.75 ರ ಕಡೆಗೇ ಸಾಗುತ್ತಿವೆ. ಆದರೆ ಸರಿಯಾಗಿ 2 ರಲ್ಲಿ ಮಾತ್ರ ಉತ್ತರವಿಲ್ಲ. ಕಾರಣ ಅಪವರ್ತಿಸಿದರೆ ಕಾಣುತ್ತದೆ:

f(x) = (x − 2)(x + 1) / ((x − 2)(x + 2))

ಮೇಲೂ ಕೆಳಗೂ (x − 2) ಇದೆ. x ಎರಡಲ್ಲದಿರುವಾಗ ಇದು ಸೊನ್ನೆಯಲ್ಲದ ಒಂದು ಸಂಖ್ಯೆ, ಹೊಡೆದು ಹಾಕಬಹುದು. ಉಳಿಯುವುದು (x + 1)/(x + 2). ಅದಕ್ಕೆ x = 2 ಹಾಕಿದರೆ 3/4, ಅಂದರೆ 0.75. x ಸರಿಯಾಗಿ 2 ಆದಾಗ ಮಾತ್ರ ಹೊಡೆದು ಹಾಕುವುದೆಂದರೆ 0/0 ಅನ್ನು 1 ಎಂದು ಹೇಳಿದಂತೆ. ಅದಕ್ಕೆ ನಮಗೆ ಹಕ್ಕಿಲ್ಲ. ಹಾಗಾಗಿ ಗ್ರಾಫ್ ನುಣುಪಾಗಿ ಹರಿಯುತ್ತದೆ, (2, 3/4) ಎಂಬ ಒಂದೇ ಒಂದು ಬಿಂದು ಮಾತ್ರ ಕಿತ್ತು ಹೋಗಿರುತ್ತದೆ. ಇದು ತೂತು. ಹಾಳೆಯ ಮೇಲೆ ಅಲ್ಲಿ ಒಂದು ಪುಟ್ಟ ಖಾಲಿ ವೃತ್ತ ಬರೆಯುತ್ತೇವೆ.

ಕ್ರಿ.ಶ. 628 ರಲ್ಲಿ ಬ್ರಹ್ಮಗುಪ್ತ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದು ಬರೆದಿದ್ದರು. ಸೊನ್ನೆಗೆ ಲೆಕ್ಕದ ನಿಯಮಗಳನ್ನು ಮೊದಮೊದಲು ಬರೆದವರಲ್ಲಿ ಅವರು ಪ್ರಮುಖರು, ಇಷ್ಟು ಕಷ್ಟದ ಪ್ರಶ್ನೆಯನ್ನು ಎದುರಿಸಿದ್ದೇ ದೊಡ್ಡದು. ಆದರೆ ಆ ನಿಯಮವನ್ನು ನಮ್ಮ ಗ್ರಾಫಿಗೆ ಹಚ್ಚಿ ನೋಡಿ: x = 2 ರ ಬಿಂದು (2, 0) ಗೆ ಹೋಗಿ ಕೂರುತ್ತದೆ, ಗೆರೆಯಿಂದ 0.75 ಕೆಳಗೆ ಒಂಟಿಯಾಗಿ. ಅಕ್ಕಪಕ್ಕದ ಬಿಂದುಗಳು ತೋರಿಸುತ್ತಿರುವುದು 3/4 ಅನ್ನು. ಬೇರೆ ಉತ್ಪನ್ನ ತೆಗೆದುಕೊಂಡರೆ ತೋರಿಸುವ ಸಂಖ್ಯೆಯೂ ಬೇರೆ: (x² − 4)/(x − 2) ನಲ್ಲಿ x = 2 ರ ಹತ್ತಿರ ಅದು 4. 0/0 ಗೆ ಎಲ್ಲ ಕಡೆ ಸಲ್ಲುವ ಒಂದು ಉತ್ತರ ಇಲ್ಲ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

## 0/0 ಕಂಡಾಕ್ಷಣ ತೂತು ಎನ್ನಬೇಡಿ

ಇಲ್ಲೊಂದು ಎಚ್ಚರಿಕೆ ಬೇಕು. (x − 2)/(x − 2)² ನಲ್ಲಿ x = 2 ಹಾಕಿದರೆ 0/0 ಬರುತ್ತದೆ. ಆದರೆ ಒಂದು ಜೊತೆ ಹೊಡೆದು ಹಾಕಿದ ಮೇಲೆ ಉಳಿಯುವುದು 1/(x − 2). ಕೆಳಗೆ ಇನ್ನೂ ಒಂದು (x − 2) ಉಳಿದಿದೆ, ಆದ್ದರಿಂದ ಗೆರೆ ತುಂಡಾಗಿಯೇ ಆಗುತ್ತದೆ. ಅಂಶದಲ್ಲಿ ಆ ಅಪವರ್ತನ ಎಷ್ಟು ಸಲ ಇದೆ, ಛೇದದಲ್ಲಿ ಎಷ್ಟು ಸಲ ಇದೆ ಎಂದು ಎಣಿಸಬೇಕು. ಹೊಡೆದು ಮುಗಿಸಿದ ಮೇಲೆ ಕೆಳಗೆ ಏನೂ ಉಳಿಯದಿದ್ದರೆ ತೂತು, ಒಂದಾದರೂ ಉಳಿದರೆ ಅಸಿಂಪ್ಟೋಟ್. ಉಳಿದದ್ದು ಒಂದು, ಮೂರು, ಐದು ಸಲವಾದರೆ ಒಂದು ಬದಿ ಮೇಲಕ್ಕೂ ಇನ್ನೊಂದು ಕೆಳಕ್ಕೂ ಹೋಗುತ್ತದೆ. ಎರಡು, ನಾಲ್ಕು ಸಲವಾದರೆ ಎರಡೂ ಬದಿ ಒಂದೇ ದಿಕ್ಕಿಗೆ ಹೋಗುತ್ತವೆ, ವರ್ಗ ಮಾಡಿದಾಗ ಋಣ ಚಿಹ್ನೆ ಅಳಿಯುವುದರಿಂದ.

ಛೇದ ಇದ್ದ ಮಾತ್ರಕ್ಕೆ ಗೆರೆ ತುಂಡಾಗಲೇಬೇಕು ಎಂದೂ ಇಲ್ಲ. y = 1/(x² + 1) ನೋಡಿ. ಯಾವ ಸಂಖ್ಯೆಯ ವರ್ಗವೂ ಋಣವಾಗದು, ಹಾಗಾಗಿ ಛೇದ 1 ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಗ್ರಾಫ್ x = 0 ಯಲ್ಲಿ 1 ರ ಎತ್ತರಕ್ಕೆ ಏರಿ ಎರಡೂ ಬದಿಗೆ ಮೆಲ್ಲಗೆ ಇಳಿಯುತ್ತದೆ. ಬಹುಪದೋಕ್ತಿಯಷ್ಟೇ ನುಣುಪು, ಎಲ್ಲೂ ಕಡಿತವಿಲ್ಲ.

## ಪರದೆಯ ಮೇಲೆ ತೂತು ಕಾಣುವುದಿಲ್ಲ

ಈಗ ಗ್ರಾಫ್ ಬಿಡಿಸುವ ಆ್ಯಪ್ ಎಲ್ಲರ ಕೈಯಲ್ಲಿದೆ. ಮೇಲಿನ f(x) ಅನ್ನು ಅದರಲ್ಲಿ ಬರೆದರೆ x = 2 ರ ಹತ್ತಿರ ಬಹುತೇಕ ಸಲ ತೂತು ಕಾಣದೆ ಇಡೀ ಗೆರೆ ಕಾಣುತ್ತದೆ. ಒಂದು ಬಿಂದುವಿಗೆ ಅಗಲವೇ ಇಲ್ಲ, ಪರದೆಯ ಒಂದೊಂದು ಚುಕ್ಕೆಗೆ ಅಗಲವಿದೆ. ಆ್ಯಪ್ ಕೂಡ ನಮ್ಮ ವಿದ್ಯಾರ್ಥಿನಿ ಮಾಡಿದ್ದನ್ನೇ ಮಾಡುತ್ತದೆ: ಅಲ್ಲಲ್ಲಿ x ಬೆಲೆಗಳನ್ನು ಆರಿಸಿ, y ಲೆಕ್ಕ ಹಾಕಿ, ನಡುವೆ ಗೆರೆ ಎಳೆಯುತ್ತದೆ. ಕೆಲವು ಗ್ರಾಫ್ ಕ್ಯಾಲ್ಕುಲೇಟರ್‌ಗಳು x = −2 ರ ಎಡಗಡೆಯ ಎತ್ತರದ ಬಿಂದುವನ್ನೂ ಬಲಗಡೆಯ ಆಳದ ಬಿಂದುವನ್ನೂ ಜೋಡಿಸಿ, ನೇರ ನಿಂತ ಗೆರೆಯೊಂದನ್ನು ಗ್ರಾಫಿನ ಭಾಗವೆಂಬಂತೆ ತೋರಿಸುವುದೂ ಉಂಟು.

ಹಾಗಾಗಿ ನಾನು ಆ ಹುಡುಗಿಗೆ ಹೇಳಿದ್ದು ಇಷ್ಟು: ಒಂದೂ ಬಿಂದು ಗುರುತಿಸುವ ಮೊದಲು ಛೇದವನ್ನು ಸೊನ್ನೆಗೆ ಸಮ ಮಾಡಿ ಬಿಡಿಸು, ಸಿಕ್ಕ x ಗಳಲ್ಲಿ ತೂತಾಗುವವನ್ನು ಬಿಟ್ಟು ಉಳಿದ ಪ್ರತಿಯೊಂದರಲ್ಲೂ ಹಾಳೆಯ ಮೇಲೆ ನೇರ ನಿಂತ ಚುಕ್ಕೆಗೆರೆ ಎಳೆ. ಅವಳು x − 2 = 0 ಎಂದು ಬರೆದು, x = 2 ರಲ್ಲಿ ಚುಕ್ಕೆಗೆರೆ ಎಳೆದಳು. ಆಮೇಲೆ 1.5, 1.9, 2.1, 2.5 ರ ಬೆಲೆಗಳನ್ನು ಹುಡುಕಿದಳು: −2, −10, 10, 2. ಹತ್ತು ಮತ್ತು ಋಣ ಹತ್ತು ಅವಳ ಹಾಳೆಯ ಅಂಚನ್ನೇ ದಾಟಿ ಹೋದವು. (1, −1) ನ್ನೂ (3, 1) ನ್ನೂ ಜೋಡಿಸಿದ್ದ ಗೆರೆಯನ್ನು ರಬ್ಬರಿನಿಂದ ಅಳಿಸಿ, ಒಂದು ತುಂಡನ್ನು ಕೆಳಕ್ಕೂ ಇನ್ನೊಂದನ್ನು ಮೇಲಕ್ಕೂ ಬಗ್ಗಿಸಿದಳು.